ಮೇಡಂ, ನಮ್ಮದು ಎಷ್ಟನೇದು?

ನಮ್ಮ ಕಾಲೇಜಿನ ಸಾಂಸ್ಕೃತಿಕ ಸಮಿತಿ ನನ್ನ ಕೊರಳಿಗೆ ಬಿದ್ದದ್ದು ನಾನು ಕನ್ನಡ ಪಾಠ ಹೇಳುವವಳು ಎಂಬ ಒಂದೇ ಕಾರಣಕ್ಕೆ. ಕನ್ನಡದವರಿಗೆ ಹಾಡು, ಕುಣಿತ ಎಲ್ಲ ಬರುತ್ತದೆ ಎಂದು ಪ್ರಿನ್ಸಿಪಾಲರು ನಂಬಿದ್ದರು. ನನಗೆ ಎರಡೂ ಬಾರದು. ಬಾರದಿದ್ದರೂ ಕೆಲಸವೇನೂ ಕೆಡಲಿಲ್ಲ. ಆ ಸಮಿತಿಯಲ್ಲಿ ಮುಖ್ಯವಾಗಿ ಬೇಕಾಗಿದ್ದದ್ದು ಕೂಡುವ, ಕಳೆಯುವ ಲೆಕ್ಕ. ಸ್ಪರ್ಧೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನನ್ನು ತಡೆದು ನಿಲ್ಲಿಸಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಮೇಡಂ, ನಮ್ಮದು ಎಷ್ಟನೇದು?’

ಒಂದನೆಯದು ಎಂದರೆ ಮುಖ ಬಾಡುತ್ತದೆ. ಕೊನೆಯದು ಎಂದರೆ ಬಸ್ಸಿನ ನೆನಪಾಗುತ್ತದೆ. ಊಟ ಆದ ಮೇಲೆ ಮೊದಲನೆಯದು ಎಂದರಂತೂ ಕೆಲವರು ನೇರವಾಗಿ ಅಡುಗೆಮನೆಯ ಕಡೆ ನೋಡಿ, ಇವತ್ತು ತೀರ್ಪುಗಾರರಿಗೆ ಹೋಳಿಗೆ ಇದೆಯೇ ಎಂದು ವಿಚಾರಿಸುತ್ತಾರೆ. ಅವರ ಭಯವನ್ನು ನಾನು ತಳ್ಳಿಹಾಕಲಾರೆ. ಹೋಳಿಗೆ ತಿಂದ ತೀರ್ಪುಗಾರರನ್ನು ನಾನೂ ಕಂಡಿದ್ದೇನೆ.

ಮೊದಲ ನಂಬರಿನ ಸಂಕಟ ನನಗೆ ಸ್ವಂತದ್ದು. ಬಿ.ಎ. ಓದುವಾಗ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಒಮ್ಮೆ ಚೀಟಿ ಎತ್ತಿದಾಗ ಒಂದು ಬಂತು. ಮಾತಾಡಿ ಇಳಿದೆ, ಬಹುಮಾನ ಬರಲಿಲ್ಲ. ಸಂಜೆ ಕಾಫಿ ಹೊತ್ತಿನಲ್ಲಿ ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕರೆದು, ‘ಚೆನ್ನಾಗಿ ಮಾತಾಡಿದೆಯಮ್ಮ. ಮೊದಲೇ ಹೆಚ್ಚು ಕೊಟ್ಟುಬಿಟ್ಟರೆ ಆಮೇಲೆ ಬರೋರಿಗೆ ಜಾಗ ಇರಲ್ಲ ಅಂತ ಸ್ವಲ್ಪ ಕೈ ಬಿಗಿ ಹಿಡಿದೆ. ಕೊನೆಗೆ ನೋಡಿದರೆ ಅಷ್ಟೊಂದು ಚೆನ್ನಾಗಿ ಯಾರೂ ಮಾತಾಡಲೇ ಇಲ್ಲ’ ಎಂದು ಸಮಾಧಾನ ಹೇಳಿದರು. ಅವರು ಪ್ರಾಮಾಣಿಕರು. ಉಳಿದವರೂ ಮಾಡುವುದು ಇದನ್ನೇ, ಹೇಳುವುದಿಲ್ಲ, ಅಷ್ಟೇ.

ಈ ದೂರು ಬಹಳ ಹಳೆಯದು. ಪ್ರಾಚೀನ ಅಥೆನ್ಸಿನಲ್ಲಿ ನಾಟಕಗಳನ್ನು ಆಡುತ್ತಿದ್ದದ್ದೇ ಸ್ಪರ್ಧೆಯಾಗಿ. ಅಲ್ಲಿಯೂ ಚೀಟಿ ಎತ್ತಿ ಸರದಿ ಗೊತ್ತುಮಾಡುವ ಕ್ರಮವಿತ್ತು. ಅರಿಸ್ಟೊಫನೀಸ್ ಎಂಬ ಪ್ರಹಸನಕಾರನಿಗೆ ಸುಮಾರು ಕ್ರಿ.ಪೂ. 391ರಲ್ಲಿ, ಹೆಂಗಸರು ಸಭೆಯನ್ನು ವಶಪಡಿಸಿಕೊಳ್ಳುವ ನಾಟಕವೊಂದಕ್ಕೆ, ಮೊದಲ ಸರದಿ ಬಂತು. ಆತ ಸುಮ್ಮನಿರಲಿಲ್ಲ. ನಾಟಕ ಮುಗಿಯುವ ಹೊತ್ತಿಗೆ ಮೇಳದ ಬಾಯಲ್ಲೇ ತೀರ್ಪುಗಾರರಿಗೆ ಮನವಿ ಹಾಕಿಸಿಬಿಟ್ಟ: ನಮಗೆ ಮೊದಲ ಸರದಿ ಬಂದದ್ದರಿಂದ ನಷ್ಟವಾಗದಿರಲಿ, ಕೊನೆಗೆ ಬಂದ ಗಿರಾಕಿಯನ್ನಷ್ಟೇ ನೆನಪಿಡುವ ವೇಶ್ಯೆಯರ ಹಾಗೆ ನೀವು ಆಗಬೇಡಿ ಎಂಬುದು ಅದರ ಸಾರ. ನಮ್ಮ ಹುಡುಗರು ಇಷ್ಟು ಧೈರ್ಯ ಮಾಡಿದರೆ ಪ್ರಿನ್ಸಿಪಾಲರು ಟಿ.ಸಿ. ಕೊಟ್ಟು ಕಳಿಸುತ್ತಾರೆ.

ಅರಿಸ್ಟೊಫನೀಸನದು ಬರೀ ಗುಮಾನಿಯಲ್ಲ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ಪಿಯಾನೋ ವಿಭಾಗದಲ್ಲಿ ಕೊನೆಯ ಸುತ್ತಿಗೆ ಬಂದ 12 ಜನ, ದಿನಕ್ಕೆ ಇಬ್ಬರಂತೆ, ಆರು ಸಂಜೆ ನುಡಿಸುವ ಪದ್ಧತಿ ಬಹುಕಾಲ ನಡೆಯಿತು. ಸರದಿ ಚೀಟಿಯಿಂದಲೇ. ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹಲವು ವರ್ಷಗಳ ಫಲಿತಾಂಶ ತೆಗೆದು ನೋಡಿ 1996ರಲ್ಲಿ ಪ್ರಕಟಿಸಿದರು. ಮೊದಲ ದಿನ ನುಡಿಸಿದವರು ಮೇಲಿನ ಸ್ಥಾನ ಪಡೆಯುವುದು ಕಡಿಮೆ, ಐದನೆಯ ದಿನ ನುಡಿಸಿದವರಿಗೆ ಅನುಕೂಲ ಹೆಚ್ಚು. ಚೀಟಿಗೆ ಕಲೆ ಗೊತ್ತಿಲ್ಲವಾದ್ದರಿಂದ ಒಳ್ಳೆಯವರೆಲ್ಲ ವರ್ಷವರ್ಷವೂ ಐದನೆಯ ದಿನಕ್ಕೇ ಹೋಗಿ ಸೇರಿಕೊಳ್ಳುವುದು ಸಾಧ್ಯವಿಲ್ಲ. ತೀರ್ಪುಗಾರರ ಕೈ ಕ್ರಮೇಣ ಸಡಿಲವಾಗುತ್ತದೆ ಎಂದೇ ತಿಳಿಯಬೇಕು. ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ಅಭ್ಯಾಸವಿದೆ. ಹಿಂದೂಸ್ತಾನಿ ಕಛೇರಿಯಲ್ಲಿ ಹಿರಿಯರು ಹಾಡುವುದು ಕೊನೆಗೆ. ಯಕ್ಷಗಾನದ ಬಯಲಾಟದಲ್ಲಿ ಕೋಡಂಗಿ, ಬಾಲಗೋಪಾಲ ಮೊದಲು, ದೊಡ್ಡ ವೇಷಗಳು ರಾತ್ರಿ ಬೆಳೆದ ಮೇಲೆ. ದೊಡ್ಡದು ತಡವಾಗಿ ಬರುತ್ತದೆ ಎಂದು ಪಳಗಿದ ಕಣ್ಣುಗಳೇ ಸ್ಪರ್ಧೆಯ ಮುಂದಿನ ಸಾಲಿನಲ್ಲಿಯೂ ಕೂತಿರುತ್ತವೆ.

ಆದರೆ ಬ್ರಸೆಲ್ಸ್‌ನಲ್ಲಿ ಕೊನೆಯವರು ನುಡಿಸುವಾಗಲೂ ಸಭಾಂಗಣ ತುಂಬಿರುತ್ತದೆ. ನಮ್ಮಲ್ಲಿ ಕೊನೆಯ ಸರದಿಯ ಗತಿಯೇ ಬೇರೆ. ಅದು ನನಗೆ ಗೊತ್ತಾದದ್ದು ನಾವು ಜಾನಪದ ಸಮೂಹ ನೃತ್ಯ ಸ್ಪರ್ಧೆ ಇಟ್ಟ ವರ್ಷ.

ಬಂದದ್ದು 24 ತಂಡ. ಕುಣಿಯಲು ಆರು ನಿಮಿಷ, ರಂಗಕ್ಕೆ ಬಂದು ಅಣಿಯಾಗಲು ಎರಡು ನಿಮಿಷ. ಒಟ್ಟು 192 ನಿಮಿಷ. ಹತ್ತಕ್ಕೆ ಶುರುಮಾಡಿದರೆ ಒಂದೂಕಾಲರೊಳಗೆ ಮುಗಿದು, ಊಟ ಮಾಡಿ, ಎರಡೂವರೆಗೆ ಬಹುಮಾನ. ಕಾಗದದ ಮೇಲೆ ಬಹಳ ಚೆಂದವಾಗಿತ್ತು. ನಡೆದದ್ದು ಇಷ್ಟು: ಆರು ನಿಮಿಷ ಏಳಾಯಿತು, ಎರಡು ನಿಮಿಷ ನಾಲ್ಕಾಯಿತು. ಒಂದು ತಂಡಕ್ಕೆ ಮೂರೇ ನಿಮಿಷ ಹೆಚ್ಚು. ಯಾರನ್ನೂ ಬೈಯುವಷ್ಟು ದೊಡ್ಡದಲ್ಲ. 24 ಸಲ ಕೂಡಿದಾಗ 72 ನಿಮಿಷ. ಉದ್ಘಾಟನೆ ಮುಗಿದದ್ದೇ ಹನ್ನೊಂದೂಕಾಲಕ್ಕೆ. ನಡುವೆ ಊಟಕ್ಕೆ ಮುಕ್ಕಾಲು ಗಂಟೆ. ಕೊನೆಯ ತಂಡ ರಂಗ ಹತ್ತುವಾಗ ನಾಲ್ಕು ದಾಟಿತ್ತು. ಹಳ್ಳಿಯೊಂದರ ಕಾಲೇಜಿನ ಹುಡುಗರು, ವೀರಗಾಸೆ. ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಬಣ್ಣ ಬೆವರಿಗೆ ಇಳಿದಿತ್ತು. ಎದುರಿಗೆ ಖಾಲಿ ಕುರ್ಚಿ. ಒಬ್ಬ ತೀರ್ಪುಗಾರರು ಗಡಿಯಾರ ನೋಡುತ್ತಿದ್ದರು, ಇನ್ನೊಬ್ಬರು ಆಗಲೇ ಮೊತ್ತ ಕೂಡುತ್ತಿದ್ದರು. ಮೊದಲಿನ 23 ತಂಡಗಳು ತಿಂದ ನಿಮಿಷಗಳ ಬೆಲೆಯನ್ನೆಲ್ಲ ತೆತ್ತದ್ದು ಆ ಒಂದು ತಂಡ. ಸರದಿ ಮತ್ತು ಕಾಲಮಿತಿ ಎರಡು ಬೇರೆ ವಿಷಯ ಎಂದುಕೊಂಡಿದ್ದವಳಿಗೆ ಅವೆರಡೂ ಒಂದೇ ಲೆಕ್ಕದ ಎರಡು ಸಾಲು ಎಂದು ಆಗ ತಿಳಿಯಿತು. ಮೊದಲಿನವರಿಗೆ ಗಂಟೆ ಬಾರಿಸದೆ ಹೋದರೆ ಕೊನೆಯವರಿಗೆ ನ್ಯಾಯವಿಲ್ಲ.

ಮುಂದಿನ ವರ್ಷ ಸಮಿತಿಯಲ್ಲಿ ಕೂತು ಮಾತಾಡಿದಾಗ ಮೊದಲು ಎದ್ದ ಪ್ರಶ್ನೆ: ಆರು ನಿಮಿಷ ಅಂದರೆ ಯಾವಾಗಿನಿಂದ? ಪರದೆ ಎದ್ದಾಗಿನಿಂದಲೋ, ನಿರೂಪಣೆ ಶುರುವಾದಾಗಿನಿಂದಲೋ, ಮೊದಲ ತಮಟೆ ಪೆಟ್ಟಿನಿಂದಲೋ? ಇದನ್ನು ಬರೆದಿಡದೆ ಸ್ಟಾಪ್‌ವಾಚ್ ಕೊಂಡರೆ ಜಗಳವನ್ನೇ ಕೊಂಡ ಹಾಗೆ. ಅಥೆನ್ಸಿನ ನ್ಯಾಯಾಲಯಗಳಲ್ಲಿ ವಾದಿಗಳಿಗೆ ನೀರಿನ ಗಡಿಯಾರದಿಂದ ಹೊತ್ತು ಅಳೆದು ಕೊಡುತ್ತಿದ್ದರು. ತಳದಲ್ಲಿ ತೂತಿರುವ ಮಣ್ಣಿನ ಪಾತ್ರೆ. ಅಲ್ಲಿಯ ಅಗೋರಾದಲ್ಲಿ ಸಿಕ್ಕ ಒಂದು ಪಾತ್ರೆ ಸುಮಾರು 6.4 ಲೀಟರ್ ಹಿಡಿಯುತ್ತದೆ, ಖಾಲಿಯಾಗಲು ಆರು ನಿಮಿಷ ಬೇಕು. ನಮ್ಮ ನೃತ್ಯದಷ್ಟೇ ಹೊತ್ತು! ಸಾಕ್ಷಿಪತ್ರವನ್ನೋ ಕಾನೂನನ್ನೋ ಓದಿ ಹೇಳುವಾಗ ತೂತು ಮುಚ್ಚಿ ನೀರು ನಿಲ್ಲಿಸುತ್ತಿದ್ದರು, ಏಕೆಂದರೆ ಅದು ವಾದಿಯ ಸ್ವಂತ ಮಾತಲ್ಲ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವಗಳ ಏಕಾಂಕ ನಾಟಕ ಸ್ಪರ್ಧೆಯಲ್ಲಿ ‘ಯಾವಾಗಿನಿಂದ’ ಎಂಬುದಕ್ಕೆ ಖಡಕ್ಕಾದ ಉತ್ತರವಿದೆ: ನಾಟಕಕ್ಕೆ 30 ನಿಮಿಷ, ಸಜ್ಜಿಗೆ ಹೆಚ್ಚೆಂದರೆ 10, ಎಲ್ಲವೂ ಖಾಲಿ ರಂಗದಿಂದ ಖಾಲಿ ರಂಗದವರೆಗೆ. ತಂದ ಸಾಮಾನು ನೀವೇ ಹೊತ್ತುಕೊಂಡು ಹೋಗಿ ಎಂದರ್ಥ. ನಾವೂ ಅದನ್ನೇ ಹಿಡಿದೆವು. ಒಂದು ತಂಡ ಕುಣಿಯುವಾಗ ಮುಂದಿನ ತಂಡ ರಂಗದ ಪಕ್ಕದಲ್ಲಿ ನಿಂತಿರಬೇಕು, ಅದರ ಮುಂದಿನದು ಗ್ರೀನ್ ರೂಮಿನಿಂದ ಹೊರಟಿರಬೇಕು ಎಂದು ಸೇರಿಸಿದೆವು. ಹಾಳಾಗುತ್ತಿದ್ದ ಹೊತ್ತಿನ ಬಹುಪಾಲು ಉಳಿದದ್ದು ಇಲ್ಲಿ, ಕುಣಿತದಲ್ಲಿ ಅಲ್ಲ.

ಮಿತಿ ಮೀರಿದರೆ ಏನು ಎಂಬುದು ಮುಂದಿನ ಪ್ರಶ್ನೆ. ಅರ್ಧ ನಿಮಿಷಕ್ಕೆ ಒಂದು ಅಂಕ ಕಳೆಯೋಣ ಎಂದರು ಗಣಿತದವರು. ಆಗಲಿ ಎಂದೆ. ಆದರೆ ಹುಡುಗರು ಗಣಿತದವರಿಗಿಂತ ಜಾಣರು. ಕೊನೆಯ ಮೂವತ್ತು ಸೆಕೆಂಡಿನ ಪಿರಮಿಡ್ಡಿಗೆ ಐದು ಅಂಕ ಬರುವುದಾದರೆ ಒಂದು ಅಂಕ ಹೋದರೆ ಹೋಗಲಿ ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿ ಬಂದಿದ್ದರು. ದಂಡ ಅವರಿಗೆ ಟಿಕೆಟ್ ದರವಾಯಿತು. ಆಮೇಲೆ ಕಂಡುಕೊಂಡ ದಾರಿ ಸುಲಭದ್ದು. ಧ್ವನಿಮುದ್ರಿತ ಹಾಡಿಗೆ ಕುಣಿಯುವವರ ಕಾಲ ಪೆನ್‌ಡ್ರೈವ್‌ನಲ್ಲೇ ಬರೆದಿರುತ್ತದೆ. ಹಿಂದಿನ ಸಂಜೆಯೇ ಟ್ರ್ಯಾಕ್ ತರಿಸಿಕೊಂಡು, 6:40 ಇದ್ದರೆ ‘ಇವತ್ತು ರಾತ್ರಿ ಕತ್ತರಿಸಿ ತನ್ನಿ’ ಎಂದು ವಾಪಸು ಕೊಡುವುದು. ಸ್ವತಃ ಹಾಡಿಕೊಂಡು, ಬಾರಿಸಿಕೊಂಡು ಕುಣಿಯುವವರಿಗೆ ಮಾತ್ರ ಗಂಟೆ: ಐದನೆಯ ನಿಮಿಷಕ್ಕೆ ಒಂದು, ಆರಕ್ಕೆ ಎರಡು, ಆರೂವರೆಗೆ ದೀಪ ಆರುತ್ತದೆ. ಗಂಟೆ ಬಾರಿಸುವ ಕೆಲಸವನ್ನು ಅಧ್ಯಾಪಕರಿಗೆ ಕೊಡಬಾರದು, ಅವರ ಕೈ ನಡುಗುತ್ತದೆ. ನಮ್ಮ ಅಟೆಂಡರ್ ಒಬ್ಬರಿದ್ದರು, ಪರೀಕ್ಷೆಯ ಗಂಟೆ ಬಾರಿಸಿ ಪಳಗಿದವರು. ಅವರಿಗೆ ವೀರಗಾಸೆಯೂ ಒಂದೇ, ವಿಶ್ವವಿದ್ಯಾಲಯದ ಪರೀಕ್ಷೆಯೂ ಒಂದೇ.

ಸರದಿಗೆ ಚೀಟಿ ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ. ಎಲ್ಲ ತಂಡದ ಮ್ಯಾನೇಜರುಗಳ ಎದುರು ಎತ್ತಬೇಕು; ತೀರ್ಪುಗಾರರ ಹಾಳೆಯಲ್ಲಿ ಕಾಲೇಜಿನ ಹೆಸರು ಇರಕೂಡದು, ನಂಬರಷ್ಟೇ. ನಮ್ಮ ಹುಡುಗಿ ಮೇಲಿನ ಹಾಲಿನಲ್ಲಿ ಭಾವಗೀತೆಗೂ ಇದ್ದಾಳೆ ಎಂದು ಬರುವವರಿಗೆ ಅದಲುಬದಲು ಕೊಡಬಹುದು, ಎರಡೂ ತಂಡದವರು ಸ್ಪರ್ಧೆ ಶುರುವಾಗುವ ಮೊದಲೇ ಸಹಿ ಹಾಕಿದರೆ. ತಡವಾಗಿ ಬಂದವರನ್ನು ಕರುಣೆಯಿಂದ ಕೊನೆಗೆ ಹಾಕುವುದು ಮಾತ್ರ ಕೂಡದು. ಒಮ್ಮೆ ಹಾಗೆ ಮಾಡಿದರೆ ಮರುವರ್ಷ ಮೊದಲ ಮೂರು ನಂಬರಿನವರ ಬಸ್ಸೆಲ್ಲ ದಾರಿಯಲ್ಲಿ ಕೆಟ್ಟು ನಿಲ್ಲುತ್ತವೆ. ಮೂರು ಸಲ ಕರೆಯುವುದು, ಬರದಿದ್ದರೆ ಆ ನಂಬರು ಹೋಯಿತು.

ಮೊದಲ ನಂಬರಿನವರ ನಷ್ಟಕ್ಕೆ ಚೀಟಿಯಲ್ಲಿ ಮದ್ದಿಲ್ಲ. ಆ ನಷ್ಟ ಯಾರ ಪಾಲಿಗೆ ಎಂಬುದನ್ನಷ್ಟೇ ಅದು ಗೊತ್ತುಮಾಡುತ್ತದೆ. ಅದಕ್ಕಾಗಿ ನಮ್ಮ ಕಾಲೇಜಿನ ತಂಡವನ್ನೇ, ಸ್ಪರ್ಧೆಗೆ ಸೇರಿಸದೆ, ಎಲ್ಲರಿಗಿಂತ ಮೊದಲು ಕುಣಿಸತೊಡಗಿದೆವು. ತೀರ್ಪುಗಾರರು ಅದಕ್ಕೂ ಅಂಕ ಬರೆದು, ಪರಸ್ಪರ ಹಾಳೆ ನೋಡಿಕೊಂಡು, ನಿಮ್ಮದು ಅಷ್ಟು ನನ್ನದು ಇಷ್ಟು ಯಾಕೆ ಎಂದು ಮಾತಾಡಿಕೊಳ್ಳುತ್ತಾರೆ. ಕೈ ಬಿಗಿ ಹಿಡಿಯುವುದಿದ್ದರೆ ನಮ್ಮ ಮಕ್ಕಳ ಮೇಲೆ ಹಿಡಿಯಲಿ. ಮಕ್ಕಳಿಗೆ ಮೊದಲು ಬೇಸರವಾಗುತ್ತಿತ್ತು. ಅತಿ ಹೆಚ್ಚು ಚಪ್ಪಾಳೆ ತಮಗೇ ಎಂದು ಗೊತ್ತಾದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಮಾಡಿಯೂ ಹತ್ತು ಗಂಟೆಗೆ ಶುರುಮಾಡುವುದು ನನ್ನಿಂದ ಆಗಿಲ್ಲ. ತಂಡಗಳಿಗೆ ಗಂಟೆ ಇದೆ, ದೀಪ ಆರಿಸುವುದಿದೆ. ವೇದಿಕೆಯ ಮೇಲೆ ಶಾಲು ಹೊದ್ದು ಕೂತವರಿಗೆ ಎರಡೂ ಇಲ್ಲ. ಆ ವೀರಗಾಸೆಯ ವರ್ಷ ಹೋದ ಹೊತ್ತಿನಲ್ಲಿ 72 ನಿಮಿಷ 24 ತಂಡಗಳದ್ದು, 75 ನಿಮಿಷ ಉದ್ಘಾಟನೆಯದ್ದು. ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ನಾಳೆ ಯಾವುದಾದರೂ ಕಾಲೇಜಿನವರು ನಿಮ್ಮನ್ನು ಮುಖ್ಯ ಅತಿಥಿಯಾಗಿ ಕರೆದರೆ ದಯವಿಟ್ಟು ಹೋಗಿ, ದೀಪ ಹಚ್ಚಿ, ಐದು ನಿಮಿಷ ಮಾತಾಡಿ ಕುಳಿತುಕೊಳ್ಳಿ. ಉಳಿದದ್ದನ್ನು ಬಹುಮಾನ ವಿತರಣೆ ಆದ ಮೇಲೆ ಹೇಳಿ, ಕೇಳುವವರಿದ್ದರೆ.