ತೂಕ ಇಳೀಲಿಲ್ಲ, ಎಲುಬು ಬಿರುಕು ಬಿಟ್ಟಿತು

ಶಹಾಪುರದ ಏಪ್ರಿಲ್ ರಾತ್ರಿ ಅಂದ್ರೆ ಗೊತ್ತಲ್ಲ, ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗಿದರೂ ಬೆವರು ಆರುವುದಿಲ್ಲ. ಅಂಥ ರಾತ್ರಿ ನಾನು ಕೌದಿ ಹೊದ್ದು ಮಲಗಿದ್ದೆ. ಅವ್ವ ಎದ್ದು ಬಂದು ನನ್ನ ಅಂಗಾಲು ಮುಟ್ಟಿ ನೋಡಿದಳು. "ಯವ್ವಾ, ಕಾಲು ಇಷ್ಟ್ಯಾಕ ತಣ್ಣಗವ? ಜ್ವರಾ ಏನರ ಬಂದಾವೇನು?" ಅಂದಳು. ಜ್ವರ ಇರಲಿಲ್ಲ. ಓಟಗಾರರ ದೇಹ ಹೀಗೇ ಇರುತ್ತದೆ ಅಂತ ಅವಳಿಗೆ ಸಮಾಧಾನ ಹೇಳಿ ಮಗ್ಗಲು ಬದಲಿಸಿದೆ. ಅದು ನನ್ನ ಮೊದಲ ತಪ್ಪು.

ಆಗ ನಾನು ಮ್ಯಾರಥಾನ್‌ಗೆ ತಯಾರಾಗುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಮಲಗಿದ ಬುದ್ಧನ ಬೆಟ್ಟ ನೋಡುತ್ತಾ ಸುರಪುರ ರಸ್ತೆಯಲ್ಲಿ 12 ಕಿಲೋಮೀಟರ್ ಓಟ, ಭಾನುವಾರ 20. ಬಂದು ಸ್ನಾನ, ಒಂದು ಕಪ್ ಚಹಾ, ಯಾದಗಿರಿ ಬಸ್ಸು. ಹನ್ನೊಂದಕ್ಕೆ ಆಫೀಸಿನಲ್ಲಿ ಒಂದು ಪ್ಲೇಟು ಸುಸಲಾ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಸೌತೆಕಾಯಿ, ಮಜ್ಜಿಗೆ. ರಾತ್ರಿ ಒಂದೇ ರೊಟ್ಟಿ, ಬ್ಯಾಳಿ. ಅನ್ನ ಬಿಟ್ಟಿದ್ದೆ.

ಹಸಿವಿನಿಂದ ಒದ್ದಾಡಿದ ನೆನಪೇ ಇಲ್ಲ. ರೊಟ್ಟಿ, ಸೊಪ್ಪು, ಕಾಳಿನಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ. ಇನ್ನು ತೂಕ ಎಂಟು ತಿಂಗಳು 50 ಕಿಲೋದಲ್ಲೇ ನಿಂತಿತ್ತು. ಊಟ ಕಮ್ಮಿಯಾಗಿದ್ದರೆ ತೂಕ ಇಳಿಯಬೇಕಿತ್ತಲ್ಲ ಅನ್ನುವುದು ನನ್ನ ಲೆಕ್ಕ.

ಡಿಸೆಂಬರ್‌ನಿಂದ ಮುಟ್ಟು ಕಡಿಮೆಯಾಗುತ್ತಾ ಬಂದು ಫೆಬ್ರವರಿಯಲ್ಲಿ ನಿಂತೇಹೋಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಓಡುವವರಿಗೆ ಅದೊಂದು ಕಿರಿಕಿರಿ ತಪ್ಪಿದ ಹಾಗೆ. ನಾಡಿ ನಿಮಿಷಕ್ಕೆ 46 ಅಂತ ವಾಚ್ ತೋರಿಸಿದಾಗಲೂ ಫಿಟ್ ಆಗಿದ್ದೇನೆ ಅಂದುಕೊಂಡೆ. ರಾತ್ರಿ ಎರಡಕ್ಕೇ ಎಚ್ಚರವಾಗುವುದು, ಸಣ್ಣ ಮಾತಿಗೂ ಸಿಟ್ಟು ಬರುವುದು, ಅದೇ 12 ಕಿಲೋಮೀಟರಿಗೆ ಹೆಚ್ಚು ಸಮಯ ಹಿಡಿಯುವುದು, ಇವನ್ನೆಲ್ಲ ಆಫೀಸಿನ ತಲೆಬಿಸಿಯ ಲೆಕ್ಕಕ್ಕೆ ಬರೆದುಬಿಟ್ಟೆ.

ಮೇ ತಿಂಗಳಲ್ಲಿ ಎಡ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಒಳಬದಿ ನೋವು ಶುರುವಾಯಿತು. ಮೊದಲು ಓಟದ ಕೊನೆಗೆ, ಆಮೇಲೆ ಓಟದ ಶುರುವಿಗೇ, ಕೊನೆಗೆ ಮಲಗಿದಾಗಲೂ. ಸ್ನಾಯು ನೋವು ಉದ್ದಕ್ಕೆ ಹರಡಿರುತ್ತದೆ. ಇದು ಹಾಗಲ್ಲ, ಒಂದು ಬೆರಳ ತುದಿಯಷ್ಟು ಜಾಗ. ಅಲ್ಲಿ ಒತ್ತಿದರೆ ಜೀವ ಹೋದಂತೆ. ಒಂಟಿಕಾಲಲ್ಲಿ ಜಿಗಿಯಲು ಆಗಲೇ ಇಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಗೆ ಸಿಗದೇ ಇರಬಹುದಂತೆ. ಕಲಬುರಗಿಯಲ್ಲಿ ಎಂಆರ್‌ಐ ಮಾಡಿಸಿದಾಗ ಸ್ಟ್ರೆಸ್ ಫ್ರ್ಯಾಕ್ಚರ್ ಅಂತ ಗೊತ್ತಾಯಿತು.

ಡಾಕ್ಟರಮ್ಮ ಕಾಲು ನೋಡಿ ಆದ ಮೇಲೆ ಕೇಳಿದ ಮೊದಲ ಪ್ರಶ್ನೆ, "ಮುಟ್ಟು ಯಾವಾಗ ಆಗಿತ್ತಮ್ಮ?" ಕಾಲಿಗೂ ಅದಕ್ಕೂ ಏನು ಸಂಬಂಧ ಅಂತ ನಾನು ಮಿಕಿಮಿಕಿ ನೋಡಿದೆ. ಅವರು ಪೆನ್ನು ತೆಗೆದು ನನ್ನ ಫೈಲಿನ ಮೇಲೇ ಲೆಕ್ಕ ಬರೆದರು.

ನನ್ನ ತೂಕ 50 ಕಿಲೋ, ಕೊಬ್ಬು ಕಳೆದರೆ ಸುಮಾರು 40. ಓಟಕ್ಕೆ ಕಿಲೋಮೀಟರಿಗೆ, ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ. ಹಾಗಾಗಿ 12 ಕಿಲೋಮೀಟರಿಗೆ 600. ನಾನು ತಿನ್ನುತ್ತಿದ್ದದ್ದು ಅಂದಾಜು 1700. ಓಟಕ್ಕೆ ಹೋದದ್ದು ಕಳೆದರೆ ಉಳಿದದ್ದು 1100. ಅದನ್ನು 40ರಿಂದ ಭಾಗಿಸಿದರೆ ಸುಮಾರು 27. ಈ ಲೆಕ್ಕದಲ್ಲಿ 45 ಇದ್ದರೆ ದೇಹ ನೆಮ್ಮದಿಯಾಗಿರುತ್ತದೆ, 30ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ತೊಂದರೆ ಶುರು. ಭಾನುವಾರ 20 ಕಿಲೋಮೀಟರ್ ಓಡಿದ ದಿನ ನನ್ನದು ಇನ್ನೂ ಕೆಳಗೆ ಹೋಗುತ್ತಿತ್ತು. "30 ಅನ್ನೋದು ಲಕ್ಷ್ಮಣರೇಖೆ ಅಲ್ಲ. ಕೆಲವರಿಗೆ ಅದಕ್ಕಿಂತ ಮೇಲಿದ್ದರೂ ತೊಂದರೆ ಆಗ್ತದೆ" ಅಂದರು.

ಹಾಗಾದರೆ ತೂಕ ಯಾಕೆ ಇಳೀಲಿಲ್ಲ? ಅವರು ಹೇಳಿದ್ದು ಹೀಗೆ: ಓಟವನ್ನು ನೀವು ಬಿಡಲಿಲ್ಲ, ಹಾಗಾಗಿ ದೇಹ ಬೇರೆ ಕಡೆ ಖರ್ಚು ಕಡಿತ ಮಾಡಿತು. ಮೈ ಬೆಚ್ಚಗಿಡುವುದು ಕಮ್ಮಿ, ನಾಡಿ ನಿಧಾನ, ಗರ್ಭಧಾರಣೆಯ ವ್ಯವಸ್ಥೆ ಬಂದ್. ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿಯುತ್ತದೆ, ಅದಿಲ್ಲದೆ ಎಲುಬು ಸವೆದಷ್ಟು ಬೇಗ ತುಂಬಿಕೊಳ್ಳುವುದಿಲ್ಲ. ಆ ಎಲುಬಿನ ಮೇಲೆ ನಾನು ದಿನಾ ಸಾವಿರಾರು ಹೆಜ್ಜೆ ಬಡಿಯುತ್ತಿದ್ದೆ. ತೂಕ ಸ್ಥಿರವಾಗಿದ್ದದ್ದು ಊಟ ಸಾಕಾಗಿತ್ತು ಅನ್ನುವುದಕ್ಕೆ ಸಾಕ್ಷಿ ಅಲ್ಲವೇ ಅಲ್ಲ.

ಇದಕ್ಕೆ ರೆಡ್-ಎಸ್ ಅನ್ನುತ್ತಾರೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇಟ್ಟ ಹೆಸರು. ಅಮೆರಿಕದ ಓಟಗಾರ್ತಿ ಮೇರಿ ಕೇನ್ ತನಗೆ ಮೂರು ವರ್ಷ ಮುಟ್ಟು ಬಾರದೆ, ಐದು ಎಲುಬು ಮುರಿದ ಕಥೆಯನ್ನು 2019ರಲ್ಲಿ ಹೇಳಿಕೊಂಡಿದ್ದನ್ನು ಅವತ್ತು ರಾತ್ರಿ ಮೊಬೈಲಲ್ಲಿ ಓದಿದೆ. ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

ಡಾಕ್ಟರು ಥೈರಾಯ್ಡ್, ಪ್ರೊಲ್ಯಾಕ್ಟಿನ್, ಗರ್ಭ ಪರೀಕ್ಷೆ ಎಲ್ಲ ಮಾಡಿಸಿ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. "ಗುಳಿಗೆ ಕೊಟ್ಟು ಮುಟ್ಟು ಬರಿಸಿಬಿಡಿ ಮೇಡಂ" ಅಂದೆ. ಒಪ್ಪಲಿಲ್ಲ. ಗರ್ಭನಿರೋಧಕ ಗುಳಿಗೆಯಿಂದ ಬರುವ ರಕ್ತಸ್ರಾವ ದೇಹ ಸರಿಯಾಯಿತು ಅನ್ನುವುದರ ಗುರುತಲ್ಲ, ಗುರುತನ್ನೇ ಮುಚ್ಚಿಹಾಕುತ್ತದೆ ಅಂದರು. ಔಷಧಿ ಅಂದರೆ ಊಟವೇ.

ಎಂಟು ವಾರ ಓಟ ಬಂದ್. ಓಟ ಇಲ್ಲದ ದಿನಕ್ಕೂ ನನಗೆ 1800 ಬೇಕು, 12 ಕಿಲೋಮೀಟರಿನ ದಿನ 2400. ಅಂದರೆ ದಿನಕ್ಕೆ 700 ಕೊರತೆ ಇಟ್ಟುಕೊಂಡು ಓಡಿದ್ದೆ! ಅದನ್ನು ರೊಟ್ಟಿಯಿಂದಲೇ ತುಂಬಲು ಹೊಟ್ಟೆಯಲ್ಲಿ ಜಾಗ ಇಲ್ಲ. ಹಾಗಾಗಿ ಅನ್ನ ವಾಪಸ್ ಬಂತು, ಮೇಲೆ ತುಪ್ಪ. ರೊಟ್ಟಿಗೆ ಶೇಂಗಾ ಹಿಂಡಿ ಮತ್ತು ಎಣ್ಣೆ. ಬ್ಯಾಗಿನಲ್ಲಿ ಎರಡು ಶೇಂಗಾ ಉಂಡಿ. ಈಗ ಮತ್ತೆ ಓಡುತ್ತಿದ್ದೇನೆ. ಓಟಕ್ಕೆ ಮುಂಚೆ ಬಾಳೆಹಣ್ಣು, ಬಂದ ಅರ್ಧ ತಾಸಿನೊಳಗೆ ಹಾಲು, ಉಪ್ಪಿಟ್ಟು. ಮೊದಲಿನಂತೆ ಆರೂವರೆಗೆ ಓಟ ಮುಗಿಸಿ ಹನ್ನೊಂದರವರೆಗೆ ಬರೀ ಚಹಾದ ಮೇಲೆ ಇರುವುದಿಲ್ಲ. ಶ್ರಾವಣ ಸೋಮವಾರದ ಉಪವಾಸ ಬಿಟ್ಟಿಲ್ಲ, ಆ ದಿನ ಓಟ ಬಿಡುತ್ತೇನೆ.

ಮುಟ್ಟು ಮರಳಿ ಬರಲು ಐದು ತಿಂಗಳು ಹಿಡಿಯಿತು. ತೂಕ ಎರಡು ಕಿಲೋ ಏರಿತು. ಎಲುಬು ಮೊದಲಿನಷ್ಟು ಗಟ್ಟಿಯಾಗಲು ಇನ್ನೂ ಬಹಳ ಕಾಲ ಬೇಕಂತೆ, ಪೂರ್ತಿ ತುಂಬದೆಯೂ ಇರಬಹುದು. ಅದೊಂದು ಚಿಂತೆ ಈಗಲೂ ಇದೆ.

ಸುರಪುರದಲ್ಲಿರುವ ನಮ್ಮ ಕಾಕಾನ ಮಗ ಪೊಲೀಸ್ ಭರ್ತಿಗೆ ಅಂತ ದಿನಾ ಎರಡು ಹೊತ್ತು ಓಡುತ್ತಾನೆ. ಹೊಟ್ಟೆ ಹಗುರ ಇರಲಿ ಅಂತ ರಾತ್ರಿ ಉಣ್ಣುತ್ತಿರಲಿಲ್ಲ. ಪದೇ ಪದೇ ನೆಗಡಿ, ಟೈಮಿಂಗ್ ಹಿಂದೆ ಬೀಳುತ್ತಿತ್ತು. ಗಂಡಸರಿಗೂ ಇದು ಬರುತ್ತದೆ. ಮುಟ್ಟಿನಂಥ ಗಂಟೆ ಅವರಿಗಿಲ್ಲ, ಅದಕ್ಕೇ ತಡವಾಗಿ ಗೊತ್ತಾಗುತ್ತದೆ. ಬೆಳಗಿನ ಹೊತ್ತಿನ ನಿಮಿರುವಿಕೆ ವಾರಗಟ್ಟಲೆ ಇಲ್ಲವಾದರೆ, ಆಸಕ್ತಿ ಇಳಿದರೆ ಅದೂ ಒಂದು ಗುರುತು. ಅವನಿಗೆ ಫೋನಿನಲ್ಲಿ ಹೇಳಲು ನನಗೆ ನಾಚಿಕೆ, ಬರೆದು ಕಳಿಸಿದೆ. "ಅಕ್ಕಾ, ನಾಳೆ ಡಾಕ್ಟರ್ ಹಂತೇಕ ಹೋಗ್ತೀನಿ" ಅಂತ ಉತ್ತರ ಬಂತು.

ಅವ್ವನಿಗೆ ಈ ಲೆಕ್ಕವನ್ನೆಲ್ಲ ವಿವರಿಸಿದೆ. ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡವಳು, "ಎಮ್ಮಿಗೆ ಹೊಟ್ಟಿಗಿ ಹಾಕಲಾರದ ಹಾಲು ಹಿಂಡಿದ್ರ ಎಷ್ಟ ದಿನಾ ಕೊಡ್ತದ? ಇದನ್ನ ಹೇಳಾಕ ಕಲಬುರಗಿ ಮಟಾ ಹೋಗಬೇಕಾಗಿತ್ತೇನು?" ಅಂದಳು. ಅಂದವಳೇ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.