ಸಮ ಆದ ಮೇಲೆ ಗೆದ್ದೋರು ಯಾರು?

ತೊಂಬತ್ತು ನಿಮಿಷದಲ್ಲಿ ಮುಗಿಯದ ನಾಕೌಟ್ ಪಂದ್ಯವನ್ನು ಹೇಗೆ ಮುಗಿಸ್ತಾರೆ ಅಂತ ಯಾರಾದರೂ ಕೇಳಿದರೆ, ನಾನು 2023ರ ಮಾರ್ಚ್ ತಿಂಗಳ ಬೆಂಗಳೂರು ಎಫ್‌ಸಿ ಕಥೆ ಹೇಳ್ತೀನಿ.

ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಗೋಲೇ ಇಲ್ಲದೆ ತೊಂಬತ್ತು ನಿಮಿಷ ಕಳೆದು, ಆಟ ಹೆಚ್ಚುವರಿ ಸಮಯಕ್ಕೆ ಹೋಯ್ತು. 96ನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಅವಸರದ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದ್ರು. ಎದುರಾಳಿಗಳು ಸಿಟ್ಟಾಗಿ ಮೈದಾನ ಬಿಟ್ಟೇ ಹೋದರು. ಹಿಂದೆ 'ಗೋಲ್ಡನ್ ಗೋಲ್' ಅಂತ ಒಂದು ನಿಯಮ ಇತ್ತು: ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರಿಗೆ ಅಲ್ಲಿಗೇ ಗೆಲುವು. 1996ರ ಯುರೋ ಕಪ್ ಫೈನಲ್ ಜರ್ಮನಿಯ ಬಿಯರ್‌ಹಾಫ್ ಹೊಡೆದ ಅಂಥ ಗೋಲಿನಿಂದಲೇ ಮುಗಿದದ್ದು. ತಂಡಗಳು ಧೈರ್ಯವಾಗಿ ಮುನ್ನುಗ್ಗಲಿ ಅನ್ನೋದು ಉದ್ದೇಶ. ಆದರೆ ಒಂದು ತಪ್ಪಾದರೆ ತಿದ್ದಿಕೊಳ್ಳಕ್ಕೆ ಒಂದು ನಿಮಿಷವೂ ಸಿಗಲ್ಲ ಅಂದಮೇಲೆ ಯಾರು ನುಗ್ತಾರೆ? ಎಲ್ಲರೂ ಗೋಲು ಕಾಯ್ತಾ ನಿಂತರು. 2004ರಲ್ಲಿ ನಿಯಮವನ್ನೇ ತೆಗೆದರು.

ಮುಂದಿನದು ಮುಂಬೈ ಸಿಟಿ ಜೊತೆ ಎರಡು ಪಂದ್ಯಗಳ ಸೆಮಿಫೈನಲ್. ಮೊದಲನೆಯದನ್ನು ಬೆಂಗಳೂರು ಮುಂಬೈನಲ್ಲಿ 1-0 ಗೆದ್ದಿತ್ತು. ಮಾರ್ಚ್ 12ರ ಭಾನುವಾರ ಎರಡನೆಯದು. ನಾನು ನಂಜನಗೂಡಿನಿಂದ ಟಿ. ನರಸೀಪುರಕ್ಕೆ, ಸೋದರಮಾವನ ಮನೆಗೆ ಹೋಗಿದ್ದೆ. ಕಂಠೀರವದಲ್ಲಿ ಮುಂಬೈ 2-1 ಮುಂದಿತ್ತು, ತೊಂಬತ್ತು ನಿಮಿಷವೂ ಆಗಿತ್ತು.

"ಮುಂಬೈನೋರು ಗೆದ್ದಾಯ್ತಲ್ಲ, ಇನ್ನೂ ಯಾಕ್ಲಾ ಆಡ್ತಾವ್ರೆ?" ಅಂದ್ರು ಮಾವ.

ಎರಡೂ ಪಂದ್ಯ ಕೂಡಿದರೆ 2-2, ಸಮ ಮಾವ, ಅಂದೆ. ಆದರೆ ಹಳೇ ಲೆಕ್ಕದಲ್ಲಿ ಮಾವ ಹೇಳಿದ್ದೇ ಸರಿ! ಸಮ ಆದಾಗ ಪರ ಊರಿನಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ ಅನ್ನುವ ನಿಯಮವನ್ನು ಯುರೋಪಿನಲ್ಲಿ 1965ರಲ್ಲಿ ತಂದಿದ್ದರು. ಆ ಪ್ರಕಾರ ಬೆಂಗಳೂರು ಹೊರಗೆ ಹೊಡೆದದ್ದು ಒಂದು, ಮುಂಬೈ ಹೊರಗೆ ಹೊಡೆದದ್ದು ಎರಡು, ಮುಂಬೈ ಫೈನಲ್‌ಗೆ. ಹೋದ ಊರಲ್ಲೆಲ್ಲ ಅತಿಥಿ ತಂಡ ಬರೀ ತಡೆಯುತ್ತಾ ನಿಲ್ಲಬಾರದು ಅಂತ ಮಾಡಿದ ನಿಯಮ ಅದು. ಕಡೆಗೆ ಆತಿಥೇಯರೇ ಒಂದು ಗೋಲೂ ಬಿಟ್ಟುಕೊಡಬಾರದು ಅಂತ ಹೆದರಿ ಆಡೋ ಹಾಗಾಯ್ತು. 2021ರಲ್ಲಿ ಯುರೋಪಿನವರೇ ಅದನ್ನು ಕೈಬಿಟ್ಟರು. ಆ ನಿಯಮ ಇದ್ದಿದ್ದರೆ ಅವತ್ತು ಬೆಂಗಳೂರಿನವರು ಬೇರೆ ಥರವೇ ಆಡ್ತಿದ್ರು, ಅದೂ ನಿಜ.

ಹೆಚ್ಚುವರಿ ಅರ್ಧ ಗಂಟೆಯಲ್ಲೂ ಗೋಲು ಬರಲಿಲ್ಲ, ಪೆನಾಲ್ಟಿಗೆ ಹೋಯ್ತು. ತಲಾ ಐದು ಒದೆತ ಮುಗಿದರೂ ಸಮ. ಅಲ್ಲಿಂದಾಚೆಗೆ ಒಬ್ಬೊಬ್ಬರಾಗಿ, ಒಬ್ಬ ಹೊಡೆದು ಇನ್ನೊಬ್ಬ ತಪ್ಪಿದರೆ ಮುಗೀತು. ಎಂಟು ಸುತ್ತಿನವರೆಗೆ ಯಾರೂ ತಪ್ಪಲಿಲ್ಲ. ಒಂಬತ್ತರಲ್ಲಿ ಮೆಹ್ತಾಬ್ ಸಿಂಗ್ ಒದ್ದ ಚೆಂಡನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಮುಂಬೈನ ಎರಡನೇ ಗೋಲು ಹೊಡೆದು ಪಂದ್ಯ ಇಲ್ಲಿವರೆಗೆ ತಂದಿದ್ದು ಇದೇ ಮೆಹ್ತಾಬ್, ಪಾಪ. ಆಮೇಲೆ ಸಂದೇಶ್ ಜಿಂಗನ್ ಹೊಡೆದು 9-8 ಮಾಡಿದರು.

ಪೆನಾಲ್ಟಿ ಬರೀ ಅದೃಷ್ಟ ಅಂತಾರೆ. ನಿಜವಾದ ಅದೃಷ್ಟ ಅದಕ್ಕೂ ಮುಂಚೆ ಇತ್ತು. 1968ರ ಯುರೋ ಸೆಮಿಫೈನಲ್‌ನಲ್ಲಿ ಇಟಲಿ, ಸೋವಿಯತ್ ಒಕ್ಕೂಟವನ್ನು ದಾಟಿದ್ದು ನಾಣ್ಯ ಚಿಮ್ಮಿ! ಅದೇ ವರ್ಷ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ಚೀಟಿ ಎತ್ತಿ ಹೊರಬಿತ್ತು. ಅದೇ ದೇಶದ ಯೋಸೆಫ್ ದಗನ್ ಪೆನಾಲ್ಟಿಯ ಪ್ರಸ್ತಾಪ ಇಟ್ಟರು, 1970ರಲ್ಲಿ ಒಪ್ಪಿಗೆ ಸಿಕ್ತು.

ಮಾರ್ಚ್ 18ರಂದು ಗೋವಾದ ಫೈನಲ್ಲೂ 2-2 ಸಮ. ಈ ಸಲ ಪೆನಾಲ್ಟಿಯಲ್ಲಿ ಎಟಿಕೆ ಮೋಹನ್ ಬಾಗಾನ್ 4-3ರಿಂದ ಕಪ್ ಎತ್ಕೊಂಡು ಹೋಯ್ತು.