ಚಿತ್ರದಲ್ಲಿ ತೊಂಬತ್ತು ಕಾಣುತ್ತಿತ್ತು

ಶೋಳಿಂಗನಲ್ಲೂರಿನ ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ನಾನು ಸಾಮಾನ್ಯವಾಗಿ ಯಾವುದಾದರೊಂದು ಕಾಲ್‌ನಲ್ಲಿ ಇರುತ್ತೇನೆ. ಅವತ್ತೂ ಇದ್ದೆ. ಒಂಬತ್ತನೇ ಕ್ಲಾಸಿನ ಮಗಳು ಗಣಿತದ ವರ್ಕ್‌ಶೀಟ್ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಏಳನೇ ಲೆಕ್ಕದ ಮೇಲೆ ಪೆನ್ಸಿಲ್ ಊರಿ ನಿಂತಳು. ನಾನು ಮ್ಯೂಟ್ ಒತ್ತಿ ಚಿತ್ರ ನೋಡಿದೆ. ಹತ್ತು ಸೆಕೆಂಡ್ ನೋಡಿರಬೇಕು.

"ಇದು ಸುಲಭ ಕಣೇ. A ಲಂಬಕೋನ. C 35 ಅಂತ ಕೊಟ್ಟಿದ್ದಾರೆ. ಹಾಗಾದ್ರೆ B 55."

ಅವಳು ಬರೆದುಕೊಂಡು ಹೋದಳು. ನಾಲ್ಕು ದಿನದ ಮೇಲೆ ವರ್ಕ್‌ಶೀಟ್ ವಾಪಸ್ ಬಂತು. ಮೂರು ಅಂಕಕ್ಕೆ ಸೊನ್ನೆ. "A = 90°" ಎಂದು ಅವಳು ಬರೆದಿದ್ದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಇದನ್ನು ಎಲ್ಲಿ ಕೊಟ್ಟಿದೆ ಎಂದು ಟೀಚರ್ ಕೇಳಿದ್ದರು. ಮಗಳು ಜಗಳವಾಡಲಿಲ್ಲ. "ಅಪ್ಪ, ನೀನೇ ಹೇಳಿದ್ದು" ಅಂದಳು, ಅಷ್ಟೆ. ಜಗಳವಾಡಿದ್ದರೆ ಒಳ್ಳೆಯದಿತ್ತು. ಆಮೇಲಿನ ಎರಡು ವಾರ ಅವಳು ಗಣಿತ ಹಿಡಿದುಕೊಂಡು ನನ್ನ ಹತ್ತಿರ ಬರಲೇ ಇಲ್ಲ.

ಲೆಕ್ಕ ಇಷ್ಟು. ABC ಒಂದು ತ್ರಿಭುಜ. BC ಬಾಹುವಿನ ಮೇಲೆ D ಎಂಬ ಬಿಂದು. AB, AD, DC ಮೂರೂ ಸಮ. C ಕೋನ 35°. ಹಾಗಾದರೆ B ಎಷ್ಟು? ಲಂಬಕೋನದ ಮಾತು ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಚಿತ್ರದ ಮೂಲೆಯಲ್ಲಿ ಆ ಪುಟ್ಟ ಚೌಕದ ಗುರುತೂ ಇಲ್ಲ. ಇದ್ದದ್ದು ನನ್ನ ಕಣ್ಣಿನಲ್ಲಿ ಮಾತ್ರ.

ಸರಿಯಾದ ದಾರಿ ಉದ್ದವೇನಲ್ಲ. AD ಮತ್ತು DC ಸಮ, ಆದ್ದರಿಂದ DAC ಕೋನವೂ 35°. ADB ಎಂಬುದು ADC ತ್ರಿಭುಜದ ಹೊರಕೋನ. ಒಳಗಿನ ದೂರದ ಎರಡು ಕೋನಗಳ ಮೊತ್ತ, ಅಂದರೆ 70°. AB ಮತ್ತು AD ಸಮವಾದ್ದರಿಂದ B ಕೂಡ 70°. ಇನ್ನು A ಗೆ ಉಳಿಯುವುದು 180 − 70 − 35, ಅಂದರೆ 75°. ನಾನು ತೊಂಬತ್ತು ಅಂದಿದ್ದ ಕೋನ ಎಪ್ಪತ್ತೈದು.

ಎಪ್ಪತ್ತೈದಕ್ಕೂ ತೊಂಬತ್ತಕ್ಕೂ ಹದಿನೈದು ಡಿಗ್ರಿ ವ್ಯತ್ಯಾಸ. ನನ್ನ ಕಣ್ಣು ಅಷ್ಟೊಂದು ಕೆಟ್ಟಿಲ್ಲ. ಮಗಳ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತೆಗೆದು ಅಚ್ಚಾದ ಚಿತ್ರದ ಮೇಲೆ ಇಟ್ಟೆ. ನಿಜಕ್ಕೂ ತೊಂಬತ್ತೇ ಇತ್ತು! ಅವಮಾನದ ಜೊತೆಗೆ ಕುತೂಹಲವೂ ಹುಟ್ಟಿತು. ಅಷ್ಟು ನಿಖರವಾಗಿ ತಪ್ಪು ಚಿತ್ರ ಬರೆದವರು ಯಾರು?

C ಜಾಗದಲ್ಲಿ 35 ರ ಬದಲು x ಇಟ್ಟು ನೋಡಿದಾಗ ಗೊತ್ತಾಯಿತು. B ಯಾವಾಗಲೂ 2x, A ಯಾವಾಗಲೂ 180 − 3x. x ಗೆ 30 ಹಾಕಿದರೆ A ಸರಿಯಾಗಿ 90 ಬರುತ್ತದೆ. ಅಂದರೆ ಈ ಚಿತ್ರ ಎಂದೋ ಯಾರೋ 30° ಲೆಕ್ಕಕ್ಕೆಂದು ಸರಿಯಾಗಿಯೇ ಬರೆದದ್ದಿರಬೇಕು. ಆಮೇಲೆ ಇನ್ನೊಬ್ಬರು ಹೊಸ ಲೆಕ್ಕ ಬೇಕಾದಾಗ ಅಂಕಿ ಬದಲಿಸಿ, ಗೆರೆಗಳನ್ನು ಹಾಗೇ ಬಿಟ್ಟಿದ್ದಾರೆ. ಹಳೆಯ ಸ್ಲೈಡಿನಲ್ಲಿ ಕ್ಲೈಂಟಿನ ಹೆಸರು ಮಾತ್ರ ಬದಲಿಸಿ ಕಳಿಸುವ ನಮ್ಮಂಥವರು ಅವರನ್ನು ಬೈಯುವ ಹಾಗಿಲ್ಲ.

ಬೈಯಬೇಕಾದ ಅಗತ್ಯವೂ ಇಲ್ಲ. ನಮ್ಮ ಜಂಕ್ಷನ್ನಿನಲ್ಲಿ ವರ್ಷಗಳಿಂದ ಮೆಟ್ರೋ ಕೆಲಸ ನಡೆದಿದೆ. ಯಾವ ಊರಿನ ಮೆಟ್ರೋ ನಕ್ಷೆಯನ್ನಾದರೂ ನೋಡಿ: ನಿಲ್ದಾಣಗಳ ನಡುವಿನ ಅಂತರ ಸುಳ್ಳು, ತಿರುವುಗಳ ಕೋನ ಸುಳ್ಳು. ಆದರೆ ಯಾವ ನಿಲ್ದಾಣದ ನಂತರ ಯಾವುದು ಎಂಬ ಕ್ರಮ ನಿಜ. ಜಾಮಿಟ್ರಿ ಚಿತ್ರದ ಒಪ್ಪಂದವೂ ಹೆಚ್ಚುಕಡಿಮೆ ಇದೇ. ಜಿಆರ್‌ಇ ಬರೆದವರಿಗೆ ನೆನಪಿರಬಹುದು, ಅಲ್ಲಿ ಇದನ್ನು ಬಾಯಿಬಿಟ್ಟೇ ಹೇಳುತ್ತಾರೆ: ಚಿತ್ರಗಳು ಅಳತೆಗೆ ಸರಿಯಾಗಿರಬೇಕೆಂದಿಲ್ಲ, ಉದ್ದವನ್ನೂ ಕೋನವನ್ನೂ ನೋಟದಿಂದ ನಂಬಬೇಡಿ, ಆದರೆ ನೇರವಾಗಿ ಕಾಣುವ ಗೆರೆ ನೇರವೇ, ಗೆರೆಯ ಮೇಲಿನ ಬಿಂದುಗಳ ಕ್ರಮ ಕಾಣುವಂತೆಯೇ ಇದೆ. ನಮ್ಮ ಶಾಲಾ ಪುಸ್ತಕಗಳೂ ಇದೇ ಒಪ್ಪಂದದ ಮೇಲೆ ನಡೆಯುತ್ತವೆ, ಹೇಳದೆಯೇ.

ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಇನ್ನು ಮೇಲೆ ಪುಸ್ತಕದ ಚಿತ್ರ ಮುಚ್ಚಿಟ್ಟು, ಪ್ರಶ್ನೆಯ ಮಾತುಗಳನ್ನಷ್ಟೇ ಓದಿ ನೀನೇ ಒಂದು ಚಿತ್ರ ಬರೆ, ಬೇಕೆಂದೇ ಸೊಟ್ಟಗೆ ಬರೆ ಅಂದೆ. ಸೊಟ್ಟ ಚಿತ್ರದಲ್ಲಿ A ಲಂಬವಾಗಿ ಕಾಣದಿದ್ದರೆ, ಅದನ್ನು ತೊಂಬತ್ತು ಅನ್ನುವ ಯೋಚನೆಯೇ ಬರುವುದಿಲ್ಲ. ಉತ್ತರ ಬಂದ ಮೇಲೆ ಅದನ್ನು ಇನ್ನೊಂದು ದಾರಿಯಿಂದ ತಟ್ಟಿ ನೋಡು. ನನ್ನ 55 ನ್ನೇ ತಗೋ: B 55 ಆದರೆ AB, AD ಸಮ ಇರುವುದರಿಂದ ADB ಕೂಡ 55 ಆಗಬೇಕು; ಆದರೆ ಹೊರಕೋನದ ಲೆಕ್ಕದಲ್ಲಿ ಅದು 70. ಒಂದೇ ಕೋನಕ್ಕೆ ಎರಡು ಬೆಲೆ. ಅರ್ಧ ನಿಮಿಷ ತಟ್ಟಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ.

"ಕ್ರಮ ಮಾತ್ರ ನಂಬಬಹುದಾ?" ಅಂತ ಕೇಳಿದಳು.

ಆ ಪ್ರಶ್ನೆಗೆ ಹೂಂ ಅನ್ನುವ ಮುಂಚೆ ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರು ನೆನಪಾದರು. ಒಂದು ಮಧ್ಯಾಹ್ನ ಅವರು ಬೋರ್ಡಿನ ಮೇಲೆ, ಪ್ರಪಂಚದ ಎಲ್ಲ ತ್ರಿಭುಜಗಳೂ ಸಮದ್ವಿಬಾಹು ಎಂದು ಸಾಧಿಸಿ ತೋರಿಸಿ, ಸೀಮೆಸುಣ್ಣ ಇಟ್ಟು ಹೊರಗೆ ಹೋಗಿಬಿಟ್ಟಿದ್ದರು. ಇದು ಹಳೆಯ ತಮಾಷೆ ಎಂದು ಆಮೇಲೆ ತಿಳಿಯಿತು. ರೌಸ್ ಬಾಲ್ 1892 ರ ಪುಸ್ತಕದಲ್ಲಿ ಕೊಟ್ಟಿದ್ದಾನೆ, ಲೂಯಿಸ್ ಕ್ಯಾರಲ್‌ನ ಬರಹಗಳಲ್ಲೂ ಇದೆ. ಅದನ್ನೇ ಮಗಳ ಮುಂದೆ ಕೈಯಲ್ಲಿ ಬರೆದೆ.

ಯಾವುದಾದರೂ ತ್ರಿಭುಜ ABC ತಗೋ. A ಕೋನವನ್ನು ಅರ್ಧ ಮಾಡುವ ಗೆರೆ ಎಳೆ. BC ಯ ನಟ್ಟನಡುವೆ ಒಂದು ಲಂಬ ನಿಲ್ಲಿಸು. ಎರಡೂ P ಯಲ್ಲಿ ಸೇರಲಿ. ನನ್ನ ಚಿತ್ರದಲ್ಲಿ P ತ್ರಿಭುಜದ ಒಳಗಿತ್ತು. P ಯಿಂದ AB ಗೆ PF, AC ಗೆ PE ಎಂಬ ಲಂಬಗಳನ್ನು ಇಳಿಸು. P ಕೋನಾರ್ಧಕದ ಮೇಲಿದೆ, ಆದ್ದರಿಂದ PF = PE, AF = AE. P ಲಂಬಾರ್ಧಕದ ಮೇಲೂ ಇದೆ, ಆದ್ದರಿಂದ PB = PC. ಈಗ PFB, PEC ಎರಡು ಲಂಬಕೋನ ತ್ರಿಭುಜಗಳಲ್ಲಿ ಕರ್ಣ ಸಮ, ಒಂದು ಬಾಹು ಸಮ, ಅವು ಸರ್ವಸಮ. ಹಾಗಾಗಿ FB = EC. ಕೂಡಿಸು: AF + FB = AE + EC. ಅಂದರೆ AB = AC.

ಮಗಳು ಒಂದೊಂದು ಸಾಲಿನ ಪಕ್ಕವೂ ಕಾರಣ ಬರೆದು ನೋಡಿದಳು. ಎಲ್ಲ ಸರಿಯಾಗಿತ್ತು. ಕಣ್ಣಿನಿಂದ ಯಾವ ಕೋನವನ್ನೂ ತಗೊಂಡಿರಲಿಲ್ಲ. ಅವಳ ಮುಖ ನೋಡಿ ಪಾಪ ಅನ್ನಿಸಿತು. "ಕೈವಾರ ತಗೊಂಡು ಅಳತೆಗೆ ಬರಿ" ಅಂದೆ. AB 8 ಸೆಂ.ಮೀ., AC 6, BC 7. ನೀವೂ ಬರೆದು ನೋಡಿ, ಐದು ನಿಮಿಷದ ಕೆಲಸ.

ಕೋನಾರ್ಧಕವು BC ಯನ್ನು ಪಕ್ಕದ ಬಾಹುಗಳ ಅನುಪಾತದಲ್ಲೇ, ಅಂದರೆ 8 ಕ್ಕೆ 6 ರಂತೆ ಕತ್ತರಿಸುತ್ತದೆ. ಹಾಗಾಗಿ ಅದು BC ಯನ್ನು ತಾಗುವುದು B ಯಿಂದ 4 ಸೆಂ.ಮೀ. ದೂರದಲ್ಲಿ. BC ಯ ನಡು ಇರುವುದು B ಯಿಂದ ಮೂರೂವರೆಯಲ್ಲಿ. ಎರಡರ ನಡುವೆ ಅರ್ಧ ಸೆಂಟಿಮೀಟರ್. ಕೋನಾರ್ಧಕ A ಯಿಂದ ಇಳಿಯುತ್ತ ಲಂಬಾರ್ಧಕದ ಕಡೆಗೇ ವಾಲುತ್ತದೆ, ಆದರೆ BC ಮುಟ್ಟಿದಾಗ ಇನ್ನೂ ಆ ಅರ್ಧ ಸೆಂಟಿಮೀಟರ್ ಬಾಕಿ ಇರುತ್ತದೆ. ಅದನ್ನು ದಾಟಲು ಅದು BC ಯ ಕೆಳಗೆ ಹೋಗಲೇಬೇಕು. ಕೈಯಲ್ಲಿ ಬರೆಯುವಾಗ ನಾನು ಕೋನಾರ್ಧಕವನ್ನು ಸ್ವಲ್ಪವೇ ಓರೆ ಮಾಡಿದ್ದೆ. P ಒಳಗೆ ಬರಲು ಅಷ್ಟು ಸಾಕು.

ಮಗಳ ಚಿತ್ರದಲ್ಲಿ P ಹೊರಗೆ ಬಂತು. A ಯಿಂದ BC ವರೆಗೆ 6 ಸೆಂ.ಮೀ., ಅಲ್ಲಿಂದ P ಗೆ ಇನ್ನೂ 2. PB, PC ಎರಡೂ 4.

"ಹೊರಗಿದ್ರೆ ಏನಾಯ್ತು? ಲಂಬ ಇಳಿಸ್ತೀನಿ" ಅಂದಳು. ಒಳ್ಳೆಯ ಮಾತು. P ಹೊರಗಿದೆ ಎಂಬುದೊಂದರಿಂದಲೇ ಸಾಧನೆ ಬೀಳುವುದಿಲ್ಲ. ಸರ್ವಸಮತೆಗಳೆಲ್ಲ ಹಾಗೇ ನಿಲ್ಲುತ್ತವೆ. AB ಮೇಲೆ F ಸಿಕ್ಕಿತು, A ಯಿಂದ 7 ಸೆಂ.ಮೀ. ದೂರದಲ್ಲಿ. ಆ ಕಡೆ AC ಗೆ ಲಂಬ ಇಳಿಸಲು ಹೋದರೆ ಸೆಟ್‌ಸ್ಕ್ವೇರ್ ಗೆರೆಯಿಂದಾಚೆ ಜಾರಿತು. AC ಯನ್ನು C ಯಿಂದ ಮುಂದಕ್ಕೆ ಎಳೆದ ಮೇಲೆ E ಸಿಕ್ಕಿತು, ಅದೂ A ಯಿಂದ 7. FB 1 ಸೆಂ.ಮೀ., EC ಯೂ 1. ಅವಳು ಬರೆದಳು: AB = 7 + 1. ಸ್ವಲ್ಪ ತಡೆದು, AC = 7 − 1.

ಏಳು ಎಂಬುದು ಎಂಟು ಮತ್ತು ಆರರ ಸರಾಸರಿ. ಎರಡು ಬಾಹು ಸಮವಿಲ್ಲದ ಯಾವ ತ್ರಿಭುಜದಲ್ಲೂ AF ಮತ್ತು AE ಆ ಬಾಹುಗಳ ಸರಾಸರಿಯೇ. ಸರಾಸರಿ ದೊಡ್ಡದಕ್ಕಿಂತ ಕಡಿಮೆ, ಚಿಕ್ಕದಕ್ಕಿಂತ ಹೆಚ್ಚು. ಹಾಗಾಗಿ ಒಂದು ಪಾದ ಯಾವಾಗಲೂ ಉದ್ದದ ಬಾಹುವಿನ ಒಳಗೆ, ಇನ್ನೊಂದು ಚಿಕ್ಕದರ ಆಚೆ. ಕೂಡುವ ಕಡೆ ಕಳೆಯಬೇಕಿತ್ತು, ಅಷ್ಟೇ ತಪ್ಪು. ನಾವು ಕೋನವನ್ನು ಕಣ್ಣಿನಿಂದ ತಗೊಂಡಿರಲಿಲ್ಲ ನಿಜ. ಆದರೆ E ಎಂಬುದು A ಮತ್ತು C ಗಳ ನಡುವೆ ಇದೆ ಎಂಬುದನ್ನು ತಗೊಂಡಿದ್ದೆವು. ಕಾರಣ ಬರೆಯುವಾಗ ಅದಕ್ಕೊಂದು ಕಾರಣ ಬೇಕೆಂದೇ ಇಬ್ಬರಿಗೂ ಹೊಳೆದಿರಲಿಲ್ಲ.

ಯೂಕ್ಲಿಡ್‌ಗೂ ಹೊಳೆದಿರಲಿಲ್ಲ ಅನ್ನಿ. 'ನಡುವೆ' ಎಂಬ ಮಾತಿಗೆ ಅವನಲ್ಲಿ ಪ್ರತ್ಯೇಕ ನಿಯಮವಿಲ್ಲ. ಚಿತ್ರ ನೋಡಿದರೆ ತಿಳಿಯುತ್ತದೆ ಎಂದು ಬಿಟ್ಟಿದ್ದಾನೆ. 1882 ರಲ್ಲಿ ಪಾಶ್, 1899 ರಲ್ಲಿ ಹಿಲ್ಬರ್ಟ್ ಅದಕ್ಕೆ ಆಧಾರಸೂತ್ರಗಳನ್ನು ಬರೆಯುವವರೆಗೆ ಎರಡು ಸಾವಿರ ವರ್ಷ ಕಣ್ಣೇ ಆ ಕೆಲಸ ಮಾಡಿತು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕ್ರಮವನ್ನು ನಂಬಬಹುದು, ಯಾಕೆಂದರೆ ಚಿತ್ರ ಕೊಟ್ಟವರು ಅದಕ್ಕೆ ಜವಾಬ್ದಾರರು. ಆದರೆ ಲೆಕ್ಕ ಬಿಡಿಸುತ್ತ ನಾವೇ ಒಂದು ಹೊಸ ಗೆರೆ ಎಳೆದು, ಹೊಸ ಬಿಂದು ಇಟ್ಟರೆ, ಅದು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಆ ಭರವಸೆ ಇರುವುದಿಲ್ಲ.

ಮಗಳಿಗೆ ಇದಿಷ್ಟರಲ್ಲಿ ಇಷ್ಟವಾದದ್ದು ಬೇರೆಯೇ. "ಎಲ್ಲಾ ಪೂರ್ಣಸಂಖ್ಯೆ ಬಂತಲ್ಲಪ್ಪ, ಹುಡುಕಿ ಇಟ್ಟಿದ್ಯಾ?" ಅಂದಳು. ಹಿಂದಿನ ರಾತ್ರಿ ಹನ್ನೆರಡರವರೆಗೆ ಹುಡುಕಿದ್ದೆ, ಹೇಳಲಿಲ್ಲ.

ಸೋಮವಾರ ಅದನ್ನು ಟೀಚರಿಗೆ ತೋರಿಸುತ್ತೇನೆಂದು ಹೊಸ ಹಾಳೆಯಲ್ಲಿ ಮೊದಲಿನ ಸೊಟ್ಟ ಚಿತ್ರವನ್ನೇ ಮತ್ತೆ ಬರೆದಳು. P ಯನ್ನು ತ್ರಿಭುಜದ ಒಳಗೆ ನೀಟಾಗಿ ಕೂರಿಸಿ, ಎರಡೂ ಲಂಬಗಳಿಗೆ ಚೌಕದ ಗುರುತು ಹಾಕಿ, ತಲೆ ಎತ್ತಿ ಕೇಳಿದಳು: "ಅಪ್ಪ, ಕೆಳಗಡೆ 'ಅಳತೆಗೆ ಬರೆದಿಲ್ಲ' ಅಂತ ಹಾಕ್ಲಾ?"

"ಬೇಡ" ಅಂದೆ.